'ಲುಕ್ ಫಾರ್ವರ್ಡ್ ಟು' ಆದ ಮೇಲೆ 'ಮೀಟ್' ಯಾಕಲ್ಲ, 'ಮೀಟಿಂಗ್' ಯಾಕೆ?

ಪ್ರಶ್ನೆ: ನಾನು ಬೆಂಗಳೂರಿನ ಒಂದು ಸಣ್ಣ ಕಂಪನಿಯಲ್ಲಿ ಅಕೌಂಟ್ಸ್ ನೋಡಿಕೊಳ್ಳುತ್ತೇನೆ. ಹತ್ತನೇ ಕ್ಲಾಸಿನ ತನಕ ಕನ್ನಡ ಮೀಡಿಯಂ. ಮೊನ್ನೆ ಒಬ್ಬ ಕ್ಲೈಂಟಿಗೆ 'ಐ ಲುಕ್ ಫಾರ್ವರ್ಡ್ ಟು ಮೀಟ್ ಯು' ಅಂತ ಮೇಲ್ ಬರೆದೆ. ಮ್ಯಾನೇಜರ್ ಅದನ್ನು 'ಮೀಟಿಂಗ್' ಅಂತ ತಿದ್ದಿದರು. 'ಟು' ಆದ ಮೇಲೆ ವಿ ಒನ್ ಬರಬೇಕು ಅಂತ ತಾನೇ ಸ್ಕೂಲಲ್ಲಿ ಹೇಳಿಕೊಟ್ಟಿದ್ದು? ಆಮೇಲೆ ಹೆದರಿಕೊಂಡು 'ವಿ ಡಿಸೈಡೆಡ್ ಟು ಚೇಂಜಿಂಗ್ ದ ವೆಂಡರ್' ಅಂತ ಬರೆದರೆ ಅದೂ ತಪ್ಪಂತೆ! 'ಯೂಸ್ಡ್ ಟು' ಅಂತೂ ಎರಡೂ ಥರ ಕಾಣಿಸುತ್ತದೆ. ಪಟ್ಟಿ ಬಾಯಿಪಾಠ ಮಾಡುವುದು ಬಿಟ್ಟು ಬೇರೆ ದಾರಿ ಇದೆಯಾ? ಈಗ ಬೇರೆ ಕೆಲಸಕ್ಕೆ ಅರ್ಜಿ ಹಾಕುತ್ತಿದ್ದೇನೆ. ಆ ಪತ್ರವನ್ನೂ ಜೊತೆಗೆ ಕಳಿಸಿದ್ದೇನೆ, ನೋಡಿ ಹೇಳಿ.

ಉತ್ತರ: ದಾರಿ ಇದೆ. ಕೊನೆಗೆ ಒಂದು ಸಣ್ಣ ಪಟ್ಟಿ ಬೇಕಾಗುತ್ತದೆ ನಿಜ, ಆದರೆ ಅದು ಬೆರಳಲ್ಲಿ ಎಣಿಸುವಷ್ಟು. ಇಂಗ್ಲಿಷ್ ವಾಕ್ಯಗಳನ್ನೂ ಇಲ್ಲಿ ಕನ್ನಡ ಲಿಪಿಯಲ್ಲೇ ಕೊಡುತ್ತೇನೆ. ಓದುವಾಗ ಸ್ವಲ್ಪ ಬಾಯಿ ಬಿಟ್ಟು ಓದಿ. ಈ ವಿಷಯ ಕಣ್ಣಿಗಿಂತ ಕಿವಿಗೆ ಬೇಗ ಹತ್ತುತ್ತದೆ.

ಮೊದಲು ಆ ಸ್ಕೂಲಿನ ನಿಯಮದ ಮಾತು. ಅದು ಸುಳ್ಳಲ್ಲ, ಅರ್ಧ ಅಷ್ಟೆ. ಸ್ಕೂಲಿನಲ್ಲಿ ನಮಗೆ ಮೊದಲು ಸಿಗುವ ಮಾತುಗಳು 'ವಾಂಟ್ ಟು ಗೋ', 'ಹ್ಯಾವ್ ಟು ಗೋ', 'ಟ್ರೈ ಟು ಗೋ' ಇಂಥವು. ಅಲ್ಲೆಲ್ಲ 'ಟು' ಆದ ಮೇಲೆ ವಿ ಒನ್ನೇ ಬರುವುದು. ಮೇಷ್ಟ್ರು ಅದನ್ನೇ ನಿಯಮ ಮಾಡಿ ಹೇಳಿಬಿಡುತ್ತಾರೆ. 'ಅಬ್ಜೆಕ್ಟ್ ಟು', 'ಲುಕ್ ಫಾರ್ವರ್ಡ್ ಟು' ಕಣ್ಣಿಗೆ ಬೀಳುವ ಹೊತ್ತಿಗೆ ಸ್ಕೂಲು ಮುಗಿದಿರುತ್ತದೆ, ಆಫೀಸಿನ ಮೇಲ್ ಶುರುವಾಗಿರುತ್ತದೆ. ಆ ನಿಯಮ ಬಿಟ್ಟುಹೋದದ್ದು ಒಂದೇ ಸಂಗತಿಯನ್ನು: ಇಂಗ್ಲಿಷಿನಲ್ಲಿ 'ಟು' ಅನ್ನುವ ಪದ ಎರಡಿವೆ. ಅಕ್ಷರ ಒಂದೇ, ಉಚ್ಚಾರಣೆ ಒಂದೇ, ಮಾಡುವ ಕೆಲಸ ಬೇರೆ.

ಆ ಎರಡನ್ನು ಬೇರೆ ಮಾಡಲು ಇಂಗ್ಲಿಷಿಗೆ ಹೋಗುವ ಮೊದಲು ನಮ್ಮ ಮಾತನ್ನೇ ನೋಡೋಣ. 'ಊಟ' ಅನ್ನುವ ಪದಕ್ಕೆ ಚತುರ್ಥಿ ವಿಭಕ್ತಿ ಹಚ್ಚಿದರೆ 'ಊಟಕ್ಕೆ'. 'ಕೆಲಸ'ಕ್ಕೆ ಹಚ್ಚಿದರೆ 'ಕೆಲಸಕ್ಕೆ'. ಈಗ 'ಬರೆ' ಅನ್ನುವ ಕ್ರಿಯಾಪದಕ್ಕೆ ನೇರವಾಗಿ ಹಚ್ಚಿ ನೋಡಿ. 'ಬರೆಕ್ಕೆ'? ಚಿಕ್ಕ ಮಗುವೂ ಹಾಗೆ ಹೇಳುವುದಿಲ್ಲ. ಮೊದಲು 'ಬರೆಯುವುದು' ಅಂತ ಮಾಡಿಕೊಳ್ಳುತ್ತೇವೆ. ಆಮೇಲೆ 'ಬರೆಯುವುದಕ್ಕೆ', 'ಬರೆಯುವುದರಿಂದ', 'ಬರೆಯುವುದರಲ್ಲಿ', 'ಬರೆಯುವುದರ ಬಗ್ಗೆ'. ವಿಭಕ್ತಿ ಅಂಟುವುದು ನಾಮಪದಕ್ಕೆ ಮಾತ್ರ. ಕ್ರಿಯಾಪದಕ್ಕೆ ಅಂಟಬೇಕಾದರೆ ನಡುವೆ ಒಂದು 'ವುದು' ಬಂದು ಅದನ್ನು ನಾಮಪದ ಮಾಡಿಕೊಡಬೇಕು.

ಇಂಗ್ಲಿಷಿನಲ್ಲಿ ವಿಭಕ್ತಿಯ ಕೆಲಸವನ್ನು ಬಹಳ ಮಟ್ಟಿಗೆ ಮಾಡುವುದು ಪ್ರಿಪೊಸಿಷನ್. ನಮ್ಮಲ್ಲಿ ಪದದ ಹಿಂದೆ ಬರುವುದು ಅಲ್ಲಿ ಪದದ ಮುಂದೆ ಬಂದು ಕೂರುತ್ತದೆ. ಅದಕ್ಕೂ ಇದೇ ಹಟ, ನಾಮಪದವೇ ಬೇಕು. ನಮ್ಮ 'ವುದು' ಮಾಡುವ ಕೆಲಸವನ್ನು ಅಲ್ಲಿ 'ಇಂಗ್' ಮಾಡುತ್ತದೆ. 'ಬೈ ರೈಟಿಂಗ್' ಅಂದರೆ ಬರೆಯುವುದರಿಂದ. 'ಇನ್ ರೈಟಿಂಗ್' ಅಂದರೆ ಬರೆಯುವುದರಲ್ಲಿ. 'ಅಬೌಟ್ ರೈಟಿಂಗ್' ಅಂದರೆ ಬರೆಯುವುದರ ಬಗ್ಗೆ. ಹೀಗೆ ನಾಮಪದದ ಜಾಗದಲ್ಲಿ ಕೂತ 'ಇಂಗ್' ರೂಪಕ್ಕೇ ಜೆರಂಡ್ ಅನ್ನುವುದು. ಇದರಲ್ಲಿ ನೀವು ಆಗಲೇ ಗಟ್ಟಿ. 'ಥ್ಯಾಂಕ್ ಯು ಫಾರ್ ಕಮಿಂಗ್' ಅಂತ ದಿನಾ ಹೇಳುತ್ತೀರಿ, 'ಫಾರ್ ಕಮ್' ಅಂತ ಯಾವತ್ತೂ ಹೇಳಿಲ್ಲ. 'ಟು' ಬಂದಾಗ ಮಾತ್ರ ಎಡವಟ್ಟು, ಯಾಕೆಂದರೆ ಪ್ರಿಪೊಸಿಷನ್ನುಗಳ ಸಾಲಿನಲ್ಲಿ ಹೀಗೆ ದಿನದಿನವೂ ಎರಡು ವೇಷ ಹಾಕುವುದು ಅದೊಂದೇ.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ತೆಗೆದುಹಾಕಲೇಬೇಕು. ನನ್ನ ಹತ್ತಿರ ಕಲಿಯಲು ಬರುವವರಲ್ಲಿ ಬಹಳ ಜನ 'ಇಂಗ್' ಕಂಡ ಕೂಡಲೇ 'ತ್ತಾ ಇದೆ' ಅಂತ ಓದಿಕೊಳ್ಳುತ್ತಾರೆ. 'ಮೀಟಿಂಗ್ ಯು' ಅಂದರೆ 'ಭೇಟಿ ಮಾಡ್ತಾ ಇದ್ದೀನಿ'. ಹಾಗಾಗಿ ಅವರ ವಾದ ಹೀಗೆ: 'ಸಾರ್, ಇನ್ನೂ ಭೇಟಿಯೇ ಆಗಿಲ್ಲ, ಮುಂದಿನ ವಾರ ಆಗೋದು. ಅದಕ್ಕೆ ಇಂಗ್ ಯಾಕೆ?' ವಾದ ಸರಿಯಾಗಿದೆ, ಆದರೆ ಇದು ಆ 'ಇಂಗ್' ಅಲ್ಲ. 'ಐ ಆಮ್ ಲುಕಿಂಗ್ ಫಾರ್ವರ್ಡ್ ಟು ಮೀಟಿಂಗ್ ಯು' ಅನ್ನುವ ಒಂದೇ ವಾಕ್ಯದಲ್ಲಿ ಎರಡೂ ಇವೆ ನೋಡಿ. 'ಲುಕಿಂಗ್'ನಲ್ಲಿ ಇರುವುದು 'ತ್ತಾ ಇದ್ದೇನೆ'. 'ಮೀಟಿಂಗ್'ನಲ್ಲಿ ಇರುವುದು 'ವುದು'. ಎರಡನೆಯದಕ್ಕೆ ಕಾಲವೇ ಇಲ್ಲ. ನಿನ್ನೆಯದೂ ಆಗಬಹುದು, ಮುಂದಿನ ವರ್ಷದ್ದೂ ಆಗಬಹುದು. ಒಂದೇ ವಾಕ್ಯದಲ್ಲಿ ಎರಡು 'ಇಂಗ್' ಬಂದರೆ ಚೆನ್ನಾಗಿರಲ್ಲ ಅಂತ ಒಂದನ್ನು ತೆಗೆಯುವವರೂ ಇದ್ದಾರೆ. ಅವರು ತೆಗೆಯುವುದು ಯಾವಾಗಲೂ ತೆಗೆಯಬಾರದ್ದನ್ನೇ! ಎರಡು ಬೇಡ ಅನಿಸಿದರೆ ಮೊದಲನೆಯದನ್ನು ತೆಗೆದು 'ಐ ಲುಕ್ ಫಾರ್ವರ್ಡ್' ಅಂತ ಮಾಡಿಕೊಳ್ಳಿ. ಅದು ಇನ್ನಷ್ಟು ಫಾರ್ಮಲ್ ಆಗಿಯೂ ಕೇಳಿಸುತ್ತದೆ.

ಸರಿ, ಮುಂದೆ ನಿಂತಿರುವ 'ಟು' ಯಾವ 'ಟು' ಅಂತ ಹೇಗೆ ಗೊತ್ತು ಮಾಡಿಕೊಳ್ಳುವುದು? ಕ್ರಿಯಾಪದ ತೆಗೆದು ಅಲ್ಲಿ 'ಇಟ್' ಇಡಿ. 'ಐ ಲುಕ್ ಫಾರ್ವರ್ಡ್ ಟು ಇಟ್' ಚೆನ್ನಾಗಿ ನಿಲ್ಲುತ್ತದೆ. ಅಂದರೆ ಈ 'ಟು' ನಾಮಪದವನ್ನು ಹಿಡಿದುಕೊಳ್ಳಬಲ್ಲದು, ಇದು ಪ್ರಿಪೊಸಿಷನ್. ಕ್ರಿಯಾಪದ ಬರಬೇಕಿದ್ದರೆ 'ಇಂಗ್' ಹಾಕಿಕೊಂಡು ಬರಬೇಕು. ಈಗ 'ವಿ ಡಿಸೈಡೆಡ್ ಟು ಇಟ್'. ಕಿವಿಗೆ ಚುಚ್ಚುತ್ತದೆ, ಅಲ್ವಾ? 'ಡಿಸೈಡ್'ಗೆ ನಾಮಪದ ಬೇಕಾದರೆ ಅದು 'ಆನ್' ಕೇಳುತ್ತದೆ: 'ವಿ ಡಿಸೈಡೆಡ್ ಆನ್ ಇಟ್'. ಹಾಗಾದರೆ ಅಲ್ಲಿದ್ದ 'ಟು' ಪ್ರಿಪೊಸಿಷನ್ ಅಲ್ಲ, ಮುಂದಿನ ಕ್ರಿಯಾಪದದ ಹಣೆಯ ಮೇಲಿನ ಬರೀ ಒಂದು ಗುರುತು. ಅದಕ್ಕೆ ಬೇಕಾದ್ದು ವಿ ಒನ್. ಆದ್ದರಿಂದ 'ಡಿಸೈಡೆಡ್ ಟು ಚೇಂಜ್'. 'ವಾಂಟ್ ಟು ಇಟ್', 'ಹೋಪ್ ಟು ಇಟ್', 'ಪ್ಲಾನ್ ಟು ಇಟ್' ಯಾವುದೂ ನಿಲ್ಲುವುದಿಲ್ಲ. 'ಅಬ್ಜೆಕ್ಟ್ ಟು ಇಟ್', 'ಕ್ಲೋಸ್ ಟು ಇಟ್', 'ಇನ್ ಅಡಿಷನ್ ಟು ಇಟ್' ಎಲ್ಲವೂ ನಿಲ್ಲುತ್ತವೆ.

ಈ ಎರಡು 'ಟು' ಹುಟ್ಟಿನಿಂದಲೇ ಬೇರೆ ಅಂತ ತಿಳಿಯಬೇಡಿ. ಸಾವಿರ ವರ್ಷದ ಹಿಂದಿನ ಇಂಗ್ಲಿಷಿನಲ್ಲಿ ಇದ್ದದ್ದು ಒಂದೇ. 'ಕಡೆಗೆ' ಅನ್ನುವ ಅರ್ಥದ ಸಾದಾ ಪ್ರಿಪೊಸಿಷನ್. ಅದರ ಹಿಂದೆ ಕ್ರಿಯಾಪದ ಬಂದರೆ ಆ ಕ್ರಿಯಾಪದಕ್ಕೆ ನಮ್ಮ ಚತುರ್ಥಿಯನ್ನು ಹೋಲುವ ಒಂದು ಬಾಲ ಇರುತ್ತಿತ್ತು. 'ಟು ಡೂ' ಅನ್ನುವುದಕ್ಕೆ ಆಗ 'ಟೋ ಡೋನ್ನೆ' ಅನ್ನುತ್ತಿದ್ದರು. ಮುಂದಿನ ಕೆಲವು ಶತಮಾನಗಳಲ್ಲಿ ಇಂಗ್ಲಿಷಿನ ಇಂಥ ಬಾಲಗಳೆಲ್ಲ ಸವೆದು ಬಿದ್ದುಹೋದವು. ಉಳಿದದ್ದು 'ಟು' ಮತ್ತು ಬೋಳು ಕ್ರಿಯಾಪದ. ಅಲ್ಲಿ 'ಟು' ತನ್ನ ಅರ್ಥ ಕಳೆದುಕೊಂಡು ಬರೀ ಗುರುತಾಯಿತು. ಬೇರೆ ಕಡೆ, 'ಊರಿಗೆ', 'ಅವನಿಗೆ' ಅನ್ನುವಂಥ ಜಾಗದಲ್ಲಿ, ಹಳೇ ಪ್ರಿಪೊಸಿಷನ್ ಆಗಿಯೇ ಉಳಿಯಿತು. ನಮ್ಮ 'ಮಾಡಲಿಕ್ಕೆ'ಯ ಕೊನೆಯಲ್ಲೂ ಒಂದು 'ಕ್ಕೆ' ಇದೆ ನೋಡಿ. ಅದೂ ಚತುರ್ಥಿಯೇ. ಈಗ ನಮಗೆ ಅದು ವಿಭಕ್ತಿ ಅಂತ ಅನಿಸುವುದೇ ಇಲ್ಲ. ಎರಡು ಭಾಷೆಗೂ ಸಂಬಂಧವಿಲ್ಲ, ಆದರೂ ಇಬ್ಬರೂ ನಡೆದದ್ದು ಒಂದೇ ಥರದ ದಾರಿ.

ಹಾಗಿದ್ದರೆ 'ಲುಕ್ ಫಾರ್ವರ್ಡ್ ಟು' ವಿಷಯದಲ್ಲೇ ಕನ್ನಡಿಗರು ಇಷ್ಟು ಯಾಕೆ ಜಾರುತ್ತೇವೆ? ನನ್ನ ಅನುಭವದಲ್ಲಿ ಎರಡು ಕಾರಣ.

ಒಂದು, ಇದೇ ಅರ್ಥವನ್ನು ಕನ್ನಡದಲ್ಲಿ ಹೇಳುವಾಗ ನಾವು 'ಲು' ಅಥವಾ 'ಓಕೆ' ಬಳಸುತ್ತೇವೆ. 'ನಿಮ್ಮನ್ನು ಭೇಟಿ ಮಾಡಲು ಕಾತರನಾಗಿದ್ದೇನೆ', 'ನಿಮ್ಮನ್ನ ನೋಡೋಕೆ ಕಾಯ್ತಾ ಇದ್ದೀನಿ'. ಆ 'ಮಾಡಲು' ತಲೆಯಲ್ಲಿ ಕೂತಿರುತ್ತದೆ. 'ಮಾಡಲು' ಅಂದರೆ 'ಟು ಡೂ' ಅಂತ ಮೂರನೇ ಕ್ಲಾಸಿನಿಂದ ಕಲಿತಿದ್ದೇವೆ. ಕೈ ತಾನಾಗಿಯೇ 'ಟು ಮೀಟ್' ಬರೆಯುತ್ತದೆ. ಆಡುಮಾತಿನ 'ಮಾಡೋಕೆ' ಇನ್ನೂ ಗೊಂದಲ. 'ಮಾಡೋಕೆ ಇಷ್ಟ' ಅಂದರೂ ಅದೇ, 'ಮಾಡೋಕೆ ಅಭ್ಯಾಸ ಆಗಿದೆ' ಅಂದರೂ ಅದೇ. ಇಂಗ್ಲಿಷ್ ಇವೆರಡನ್ನು ಬೇರೆ ಬೇರೆ ಮನೆಯಲ್ಲಿ ಇಟ್ಟಿದೆ.

ಎರಡನೆಯ ಕಾರಣ ಇನ್ನೂ ಮೋಸದ್ದು. ಆಫೀಸ್ ಮೇಲ್‌ಗಳ ಕೊನೆಯಲ್ಲಿ ನೀವು ಹೆಚ್ಚಾಗಿ ನೋಡುವ ಸಾಲು 'ಲುಕಿಂಗ್ ಫಾರ್ವರ್ಡ್ ಟು ಯುವರ್ ರಿಪ್ಲೈ'. ಇದು ಸರಿಯಾದ ಸಾಲೇ. ಇಲ್ಲಿ 'ರಿಪ್ಲೈ' ಅಂದರೆ 'ಉತ್ತರ', ನಾಮಪದ. ಆದರೆ 'ಉತ್ತರಿಸು' ಅನ್ನುವ ಕ್ರಿಯಾಪದವೂ 'ರಿಪ್ಲೈ'ಯೇ. ನೋಡಿದವರಿಗೆ 'ಟು ಆದ ಮೇಲೆ ಇಂಗ್ ಇಲ್ಲದ ಪದ ಬಂದಿದೆ' ಅನ್ನುವುದಷ್ಟೇ ಮನಸ್ಸಿನಲ್ಲಿ ಉಳಿಯುತ್ತದೆ. 'ವಿಸಿಟ್', 'ಕಾಲ್', 'ಸಪೋರ್ಟ್' ಎಲ್ಲದಕ್ಕೂ ಇದೇ ಎರಡು ಮುಖ. ಅಲ್ಲಿಂದ 'ಟು ಹಿಯರ್ ಫ್ರಮ್ ಯು'ಗೆ ಒಂದೇ ಹೆಜ್ಜೆ. ಪತ್ತೆ ಹಚ್ಚುವುದು ಸುಲಭ: ಪದದ ಮುಂದೆ 'ಯುವರ್' ಅಥವಾ 'ದ' ಇದ್ದರೆ ಅದು ನಾಮಪದ, ಹಾಗೇ ಬಿಡಿ. 'ಟು ಯುವರ್ ವಿಸಿಟ್' ಸರಿ. 'ಟು ವಿಸಿಟ್ ಯುವರ್ ಆಫೀಸ್' ತಪ್ಪು, ಯಾಕೆಂದರೆ ಅಲ್ಲಿ 'ವಿಸಿಟ್' ಕ್ರಿಯಾಪದ, ಆಫೀಸು ಅದರ ಕರ್ಮ. ಅದು 'ಟು ವಿಸಿಟಿಂಗ್ ಯುವರ್ ಆಫೀಸ್' ಆಗಬೇಕು.

ಈಗ 'ಯೂಸ್ಡ್ ಟು'. ನಿಮಗೆ ಎರಡು ಥರ ಕಾಣಿಸಿದೆ, ನಿಜಕ್ಕೂ ಇರುವುದು ಮೂರು. ಉಳಿದ ಕಡೆ ತಪ್ಪಾದರೆ ವ್ಯಾಕರಣ ಮಾತ್ರ ಕೆಡುತ್ತದೆ, ಇಲ್ಲಿ ಅರ್ಥವೇ ಕೆಡುತ್ತದೆ. ಹಾಗಾಗಿ ಸ್ವಲ್ಪ ನಿಧಾನವಾಗಿ ನೋಡೋಣ.

'ಐ ಯೂಸ್ಡ್ ಟು ವರ್ಕ್ ಅಟ್ ನೈಟ್' ಅಂದರೆ 'ಮೊದಲು ರಾತ್ರಿ ಪಾಳಿ ಮಾಡುತ್ತಿದ್ದೆ'. ಈಗ ಇಲ್ಲ ಅನ್ನುವುದು ಅದರೊಳಗೇ ಇದೆ. ಇಲ್ಲಿ 'ಟು' ಗುರುತು ಮಾತ್ರ, ವಿ ಒನ್ ಬರುತ್ತದೆ. 'ಐ ಆಮ್ ಯೂಸ್ಡ್ ಟು ವರ್ಕಿಂಗ್ ಅಟ್ ನೈಟ್' ಅಂದರೆ 'ರಾತ್ರಿ ಕೆಲಸ ಮಾಡುವುದು ನನಗೆ ರೂಢಿಯಾಗಿದೆ'. ಇಲ್ಲಿ 'ಯೂಸ್ಡ್' ಅನ್ನುವುದು 'ಒಗ್ಗಿದ' ಅನ್ನುವ ಅರ್ಥದ ವಿಶೇಷಣ, 'ಟು' ಪ್ರಿಪೊಸಿಷನ್. 'ಆಮ್ ಯೂಸ್ಡ್ ಟು ಇಟ್' ನಿಲ್ಲುತ್ತದೆ, ನೋಡಿ. 'ಗೆಟ್ ಯೂಸ್ಡ್ ಟು' ಕೂಡ ಇದೇ ಗುಂಪು. ಮೂರನೆಯದು 'ದಿಸ್ ಸಾಫ್ಟ್‌ವೇರ್ ಈಸ್ ಯೂಸ್ಡ್ ಟು ಪ್ರಿಪೇರ್ ಇನ್‌ವಾಯ್ಸಸ್'. ಇಲ್ಲಿ 'ಯೂಸ್' ಅಂದರೆ ನಿಜವಾಗಿಯೇ ಬಳಸುವುದು. 'ಇನ್‌ವಾಯ್ಸ್ ಮಾಡಲು ಬಳಸುತ್ತಾರೆ'. 'ಟು' ಉದ್ದೇಶ ಹೇಳುತ್ತದೆ, ವಿ ಒನ್ ಬರುತ್ತದೆ. ಕಿವಿಯೂ ಸಹಾಯ ಮಾಡುತ್ತದೆ. ಮೊದಲ ಎರಡನ್ನು 'ಯೂಸ್ಟು' ಅಂತ ಒಂದೇ ಉಸಿರಿನಲ್ಲಿ ಹೇಳುತ್ತಾರೆ. ಮೂರನೆಯದನ್ನು 'ಯೂಜ್ಡ್ ಟು' ಅಂತ ಬಿಡಿಸಿ ಹೇಳುತ್ತಾರೆ. ಇನ್ನು 'ಐ ಆಮ್ ಯೂಸ್ಡ್ ಟು ವರ್ಕ್ ಅಟ್ ನೈಟ್' ಅಂತ ಬರೆದರೆ ಅಕ್ಷರಶಃ ಬರುವ ಅರ್ಥ 'ರಾತ್ರಿ ಕೆಲಸಕ್ಕೆ ನನ್ನನ್ನು ಬಳಸಲಾಗುತ್ತದೆ'. ಕೆಲವು ಆಫೀಸುಗಳಲ್ಲಿ ಅದೂ ನಿಜ ಇರಬಹುದು, ಬಿಡಿ.

ಇಷ್ಟು ಇಟ್ಟುಕೊಂಡು ನಿಮ್ಮ ಅರ್ಜಿಗೆ ಬರೋಣ.

ಮೊದಲ ಸಾಲು 'ಐ ಆಮ್ ರೈಟಿಂಗ್ ಟು ಅಪ್ಲೈ ಫಾರ್ ದ ಪೋಸ್ಟ್'. ಇದು ಸರಿಯಾಗಿದೆ. ಆದರೆ ನಾನು ಹೇಳಿದ 'ಇಟ್' ಪರೀಕ್ಷೆ ಇಲ್ಲಿ ನಿಮ್ಮನ್ನು ದಾರಿ ತಪ್ಪಿಸಬಹುದು. 'ರೈಟಿಂಗ್ ಟು ಹಿಮ್', 'ರೈಟಿಂಗ್ ಟು ದ ಮ್ಯಾನೇಜರ್' ಎರಡೂ ನಿಲ್ಲುತ್ತವಲ್ಲ! ಹಾಗಾಗಿ ಜೊತೆಗೆ ಇನ್ನೊಂದು ಪರೀಕ್ಷೆ ಬೇಕು. 'ಟು' ಜಾಗದಲ್ಲಿ 'ಇನ್ ಆರ್ಡರ್ ಟು' ಇಟ್ಟು ನೋಡಿ. 'ಐ ಆಮ್ ರೈಟಿಂಗ್ ಇನ್ ಆರ್ಡರ್ ಟು ಅಪ್ಲೈ' ಸರಿಯಾಗಿ ಕೂರುತ್ತದೆ. ಯಾಕೆ ಬರೆಯುತ್ತಿದ್ದೀರಿ? ಅರ್ಜಿ ಹಾಕಲು. ಉದ್ದೇಶ ಹೇಳುವ 'ಟು' ಯಾವ ಕ್ರಿಯಾಪದದ ಹಿಂದೆ ಬೇಕಾದರೂ ಬಂದು ಕೂರುತ್ತದೆ, ಅದಕ್ಕೆ ಯಾವಾಗಲೂ ವಿ ಒನ್. ಇದನ್ನೇ 'ಲುಕ್ ಫಾರ್ವರ್ಡ್'ಗೆ ಹಚ್ಚಿದರೆ 'ಭೇಟಿ ಮಾಡುವ ಉದ್ದೇಶದಿಂದ ಎದುರು ನೋಡುತ್ತಿದ್ದೇನೆ' ಅಂತಾಗುತ್ತದೆ, ಹೊಂದುವುದಿಲ್ಲ.

ಎರಡನೇ ಸಾಲು 'ಐ ಯೂಸ್ಡ್ ಟು ಹ್ಯಾಂಡಲ್ ಜಿಎಸ್‌ಟಿ ರಿಟರ್ನ್ಸ್ ಎವ್ರಿ ಮಂತ್'. ವ್ಯಾಕರಣ ಸರಿ, ಹೇಳಿದ ವಿಷಯ ತಪ್ಪು. ನೀವು ಈಗಲೂ ಅದೇ ಕೆಲಸದಲ್ಲಿದ್ದೀರಿ. 'ಪ್ರತಿ ತಿಂಗಳು ಮಾಡ್ತಿರ್ತೀನಿ' ಅನ್ನುವ ಅರ್ಥದಲ್ಲಿ ಬರೆದಿದ್ದೀರಿ. ಓದುವವರಿಗೆ ಕೇಳಿಸುವುದು 'ಮೊದಲು ಮಾಡುತ್ತಿದ್ದೆ, ಈಗ ಬಿಟ್ಟಿದ್ದೇನೆ' ಅಂತ. ಇಂಟರ್‌ವ್ಯೂನಲ್ಲಿ 'ಯಾಕೆ ಬಿಟ್ಟಿರಿ?' ಅಂತ ಕೇಳಿದರೆ ನೀವು ಕಕ್ಕಾಬಿಕ್ಕಿ ಆಗುತ್ತೀರಿ. ಸುಮ್ನೆ 'ಐ ಹ್ಯಾಂಡಲ್' ಅನ್ನಿ. ಇದು ನಮ್ಮ ಕಡೆ ಬಹಳ ಸಾಮಾನ್ಯ. 'ಡೈಲಿ ಐ ಯೂಸ್ಡ್ ಟು ಗೋ ಫಾರ್ ವಾಕಿಂಗ್' ಅಂತ ಹೇಳುವವರು ಈಗಲೂ ದಿನಾ ವಾಕಿಂಗ್ ಹೋಗುವವರೇ.

ಮೂರನೆಯದು 'ಇನ್ ಅಡಿಷನ್ ಟು ಪ್ರಿಪೇರ್ ದ ಮಂತ್ಲಿ ಅಕೌಂಟ್ಸ್, ಐ ಟ್ರೇನ್ ನ್ಯೂ ಸ್ಟಾಫ್'. 'ಇನ್ ಅಡಿಷನ್ ಟು ದಿಸ್' ಅಂತ ನೀವೇ ಎಷ್ಟೋ ಸಲ ಬರೆದಿರುತ್ತೀರಿ. 'ದಿಸ್' ನಿಲ್ಲುವ ಜಾಗ ಅಂದ ಮೇಲೆ 'ಪ್ರಿಪೇರಿಂಗ್' ಆಗಲೇಬೇಕು.

ನಾಲ್ಕನೆಯದು ನನಗೆ ಇಷ್ಟವಾದ ಸಾಲು: 'ಐ ಹ್ಯಾವ್ ನೋ ಅಬ್ಜೆಕ್ಷನ್ ಟು ಮೂವ್ ಟು ಪುಣೆ'. ಇಲ್ಲಿ ಎರಡು 'ಟು' ಇವೆ. 'ಪುಣೆ'ಯ ಮುಂದಿನದು ಪ್ರಿಪೊಸಿಷನ್ ಅನ್ನುವುದರಲ್ಲಿ ಯಾರಿಗೂ ಅನುಮಾನವಿಲ್ಲ, ಪುಣೆ ಊರಿನ ಹೆಸರು. 'ಮೂವ್' ಮುಂದಿನದು? 'ನೋ ಅಬ್ಜೆಕ್ಷನ್ ಟು ಇಟ್', ಅದಕ್ಕೆ ಅಭ್ಯಂತರವಿಲ್ಲ. ನಿಂತಿತು. ಅದೂ ಪ್ರಿಪೊಸಿಷನ್ನೇ. ಹಾಗಾಗಿ 'ನೋ ಅಬ್ಜೆಕ್ಷನ್ ಟು ಮೂವಿಂಗ್ ಟು ಪುಣೆ'. ಇದನ್ನೇ 'ಐ ವಾಂಟ್ ಟು ಮೂವ್ ಟು ಪುಣೆ' ಜೊತೆ ಇಟ್ಟು ನೋಡಿ. ಅಲ್ಲಿ ಮೊದಲ 'ಟು' ಗುರುತು, ಎರಡನೆಯದು ಪ್ರಿಪೊಸಿಷನ್. ಈ ಎರಡು ವಾಕ್ಯಗಳ ವ್ಯತ್ಯಾಸ ಕೈಗೆ ಹತ್ತಿದರೆ ನಿಮ್ಮ ಪ್ರಶ್ನೆಗೆ ಮುಕ್ಕಾಲು ಉತ್ತರ ಸಿಕ್ಕಿದ ಹಾಗೆ.

ಐದನೆಯದರಲ್ಲಿ ಮ್ಯಾನೇಜರ್ ತಿದ್ದಿದ್ದರ ಹೆದರಿಕೆ ಎದ್ದು ಕಾಣುತ್ತದೆ: 'ಐ ಆಮ್ ರೆಡಿ ಟು ಜಾಯಿನಿಂಗ್ ಇಮ್ಮಿಡಿಯೆಟ್ಲಿ'. 'ರೆಡಿ ಟು ಇಟ್' ಅಂತ ಯಾರೂ ಹೇಳುವುದಿಲ್ಲ, 'ರೆಡಿ ಫಾರ್ ಇಟ್' ಅನ್ನುತ್ತಾರೆ. ನಾಮಪದಕ್ಕೆ ಬೇರೆಯೇ ಪ್ರಿಪೊಸಿಷನ್ ಬೇಕಾಯಿತು ಅಂದರೆ ಇಲ್ಲಿರುವ 'ಟು' ಪ್ರಿಪೊಸಿಷನ್ ಅಲ್ಲ. 'ರೆಡಿ ಟು ಜಾಯಿನ್'. ಹೀಗೆ ಎಲ್ಲಾ ಕಡೆ 'ಇಂಗ್' ಸುರಿಯುವುದು ಮೊದಲಿನ ತಪ್ಪಿಗಿಂತ ಜಾಸ್ತಿ ಕಣ್ಣಿಗೆ ರಾಚುತ್ತದೆ. 'ಲುಕ್ ಫಾರ್ವರ್ಡ್ ಟು ಮೀಟ್' ಅನ್ನುವುದನ್ನು ನಮ್ಮ ದೇಶದಲ್ಲಿ ಎಷ್ಟೋ ಜನ ಗಮನಿಸದೆ ಮುಂದೆ ಹೋಗುತ್ತಾರೆ. 'ರೆಡಿ ಟು ಜಾಯಿನಿಂಗ್' ಕಂಡರೆ ಎಲ್ಲರೂ ನಿಲ್ಲುತ್ತಾರೆ. ಅನುಮಾನ ಬಂದ ಕಡೆ, ಪರೀಕ್ಷೆ ಮಾಡಲು ಹೊತ್ತಿಲ್ಲದಿದ್ದರೆ, ವಿ ಒನ್ ಬರೆಯಿರಿ. 'ಟು' ಹೆಚ್ಚು ಸಲ ಬರುವುದು ಆ ವೇಷದಲ್ಲೇ.

ಕೊನೆಯ ಸಾಲಿಗೆ ಆಮೇಲೆ ಬರುತ್ತೇನೆ. ಅದಕ್ಕೆ ಮೊದಲು 'ಇಟ್' ಪರೀಕ್ಷೆ ಕೈಕೊಡುವ ಜಾಗಗಳನ್ನು ಹೇಳಬೇಕು, ಇಲ್ಲದಿದ್ದರೆ ನಾನೂ ನಿಮ್ಮ ಮೇಷ್ಟ್ರ ಹಾಗೆ ಅರ್ಧ ಹೇಳಿದಂತಾಗುತ್ತದೆ. 'ಅಗ್ರೀ ಟು ಇಟ್' ಚೆನ್ನಾಗಿ ನಿಲ್ಲುತ್ತದೆ: 'ದೇ ಅಗ್ರೀಡ್ ಟು ದ ರೇಟ್'. ಆದರೆ ಕ್ರಿಯಾಪದ ಬಂದಾಗ 'ದೇ ಅಗ್ರೀಡ್ ಟು ಪೇ', 'ಟು ಪೇಯಿಂಗ್' ಅಲ್ಲ. ಹಾಗೇ 'ಎಂಟೈಟಲ್ಡ್ ಟು ಎ ರಿಫಂಡ್', ಆದರೆ 'ಎಂಟೈಟಲ್ಡ್ ಟು ಕ್ಲೇಮ್ ಎ ರಿಫಂಡ್'. 'ಕನ್ಸೆಂಟ್' ಕೂಡ ಹೆಚ್ಚಾಗಿ ಹೀಗೇ. ಈ ಪದಗಳು ಎರಡೂ 'ಟು'ಗಳ ಜೊತೆ ಸಂಸಾರ ಮಾಡುತ್ತವೆ. ನಾಮಪದ ಬಂದರೆ ಒಂದು, ಕ್ರಿಯಾಪದ ಬಂದರೆ ಇನ್ನೊಂದು. ಇದಕ್ಕೆ ಲಾಜಿಕ್ ಹುಡುಕಬೇಡಿ, ನೆನಪಿಟ್ಟುಕೊಳ್ಳಿ. ನಾನು ಮೊದಲೇ ಹೇಳಿದ ಸಣ್ಣ ಪಟ್ಟಿ ಅಂದರೆ ಇದೇ. ಆಫೀಸಿನ ಬರವಣಿಗೆಯಲ್ಲಿ ಇವು ಮೂರು ಗೊತ್ತಿದ್ದರೆ ಬಹುಪಾಲು ಸಾಕು.

'ಕಮಿಟೆಡ್ ಟು' ಇನ್ನೊಂದು ಥರ. 'ಕಮಿಟೆಡ್ ಟು ಇಂಪ್ರೂವಿಂಗ್' ಅನ್ನುವುದೇ ಭದ್ರ. 'ಕಮಿಟೆಡ್ ಟು ಇಂಪ್ರೂವ್' ಕೂಡ ಪತ್ರಿಕೆಗಳಲ್ಲಿ, ಕಂಪನಿಗಳ ಪ್ರಕಟಣೆಗಳಲ್ಲಿ ಕಾಣಿಸುತ್ತದೆ, ಎಲ್ಲರೂ ಅದನ್ನು ತಪ್ಪು ಅನ್ನುವುದಿಲ್ಲ. ಬೇರೆಯವರು ಹಾಗೆ ಬರೆದರೆ ತಿದ್ದಲು ಹೋಗಬೇಡಿ. ನೀವು ಬರೆಯುವಾಗ 'ಇಂಗ್' ಹಾಕಿ. ಹಳೇ ಇಂಗ್ಲಿಷ್ ಕಾದಂಬರಿ ಓದುವ ಅಭ್ಯಾಸವಿದ್ದರೆ 'ಅಕಸ್ಟಮ್ಡ್ ಟು ವಾಕ್' ಅನ್ನುವಂಥದ್ದೂ ಸಿಗುತ್ತದೆ. ಹತ್ತೊಂಬತ್ತನೇ ಶತಮಾನದಲ್ಲಿ ಅದು ಸರಿಯೇ ಆಗಿತ್ತು. ಈಗ 'ಅಕಸ್ಟಮ್ಡ್ ಟು ವಾಕಿಂಗ್' ಅನ್ನುವುದೇ ರೂಢಿ. ಎರಡು 'ಟು'ಗಳ ನಡುವಿನ ಗೆರೆ ಆಗಾಗ ಜರುಗುತ್ತಲೇ ಬಂದಿದೆ.

ಬ್ಯಾಂಕ್ ಪರೀಕ್ಷೆಗೋ ಎಸ್‌ಎಸ್‌ಸಿಗೋ ಕೂರುವ ಯೋಚನೆ ಇದ್ದರೆ ಈ ಸಡಿಲಿಕೆ ಯಾವುದೂ ನಡೆಯುವುದಿಲ್ಲ. ತಪ್ಪು ಹುಡುಕುವ ಪ್ರಶ್ನೆಗಳಲ್ಲಿ 'ವಿತ್ ಎ ವ್ಯೂ ಟು', 'ಲುಕ್ ಫಾರ್ವರ್ಡ್ ಟು', 'ಅಡಿಕ್ಟೆಡ್ ಟು' ಇವು ಹಳೇ ಗಿರಾಕಿಗಳು. ಇವುಗಳ ಹಿಂದೆ ವಿ ಒನ್ ಕಂಡರೆ ಅಲ್ಲೇ ತಪ್ಪಿದೆ ಅಂತ ಗುರುತು ಹಾಕಬಹುದು. ಒಂದು ಎಚ್ಚರ: 'ಪ್ರಿಪೊಸಿಷನ್ ಆದ ಮೇಲೆ ಯಾವಾಗಲೂ ಇಂಗ್' ಅನ್ನುವುದಕ್ಕೂ ಒಂದು ಅಪವಾದ ಇದೆ. 'ಬಿಟ್ಟು' ಅನ್ನುವ ಅರ್ಥದಲ್ಲಿ ಬರುವ 'ಬಟ್' ಮತ್ತು 'ಎಕ್ಸೆಪ್ಟ್'. 'ಹಿ ಡಿಡ್ ನಥಿಂಗ್ ಬಟ್ ಸ್ಲೀಪ್', 'ವಿ ಹ್ಯಾಡ್ ನೋ ಚಾಯ್ಸ್ ಬಟ್ ಟು ವೇಟ್'. ಇಲ್ಲಿ 'ಸ್ಲೀಪಿಂಗ್', 'ವೇಟಿಂಗ್' ಮಾಡಲು ಹೋಗಬೇಡಿ.

ಈಗ ನಿಮ್ಮ ಅರ್ಜಿಯ ಕೊನೆಯ ಸಾಲು, 'ಐ ಆಮ್ ಲುಕಿಂಗ್ ಫಾರ್ವರ್ಡ್ ಟು ಹಿಯರ್ ಫ್ರಮ್ ಯು'. ಇದನ್ನು ಸರಿ ಮಾಡಲು ಮೂರು ದಾರಿ ಇವೆ.

ಕ್ರಿಯಾಪದವನ್ನೇ ಬಿಟ್ಟು 'ಐ ಲುಕ್ ಫಾರ್ವರ್ಡ್ ಟು ಯುವರ್ ರಿಪ್ಲೈ' ಅನ್ನಬಹುದು. ತಪ್ಪಾಗುವ ಭಯ ಇಲ್ಲ. ಆದರೆ ಕೆಲಸ ಕೇಳಿಕೊಂಡು ಬರೆದ ಪತ್ರದಲ್ಲಿ 'ನಿಮ್ಮ ಉತ್ತರಕ್ಕೆ ಕಾಯುತ್ತಿದ್ದೇನೆ' ಅನ್ನುವುದು ಸ್ವಲ್ಪ ಗಟ್ಟಿಯಾಗಿ, ಉತ್ತರ ಕೊಡಲೇಬೇಕು ಅಂದ ಹಾಗೆ ಕೇಳಿಸಬಹುದು. ಬಿಲ್ ಬಾಕಿ ಕೇಳುವ ಮೇಲ್‌ಗೆ ಅದೇ ಚೆನ್ನ.

'ಐ ಹೋಪ್ ಟು ಹಿಯರ್ ಫ್ರಮ್ ಯು' ಅನ್ನುವುದು ಎರಡನೇ ದಾರಿ. 'ಹೋಪ್' ಆದ ಮೇಲೆ ಬರುವುದು ಗುರುತಿನ 'ಟು', ನಿಮ್ಮ ಕೈಗೆ ಬಂದ ವಿ ಒನ್ ಇಲ್ಲಿ ಸರಿ. ವಿನಯವೂ ಇದೆ. ಅಪಾಯ ಇರುವುದು ಮುಂದೆ ಯಾವತ್ತೋ ಎರಡೂ ಸಾಲು ಬೆರೆತು 'ಹೋಪ್ ಟು ಹಿಯರಿಂಗ್' ಆಗುವುದರಲ್ಲಿ. ನನ್ನ ಕಣ್ಣಿಗೆ ಅದೂ ಬಿದ್ದಿದೆ. ಜೊತೆಗೆ 'ಹೋಪ್'ನಲ್ಲಿ ಸ್ವಲ್ಪ ಅನುಮಾನ ಇರುತ್ತದೆ, 'ಸಿಕ್ಕರೆ ಸಾಕು' ಅನ್ನುವ ದನಿ. ಭೇಟಿಯ ದಿನ ಆಗಲೇ ಗೊತ್ತಾಗಿದ್ದರೆ 'ಐ ಹೋಪ್ ಟು ಮೀಟ್ ಯು' ಅನ್ನಬೇಡಿ. ಬರುತ್ತೀರೋ ಇಲ್ಲವೋ ಅಂತ ಅವರು ಫೋನ್ ಮಾಡಿ ಕೇಳಬೇಕಾಗುತ್ತದೆ.

ಮೂರನೆಯದು 'ಐ ಲುಕ್ ಫಾರ್ವರ್ಡ್ ಟು ಹಿಯರಿಂಗ್ ಫ್ರಮ್ ಯು'. ಅರ್ಜಿಗೆ ನಾನು ಆರಿಸುವುದು ಇದನ್ನೇ. ಬೇರೆ ಊರಿನವರು, ಬೇರೆ ದೇಶದವರು, ಯಾರು ಓದಿದರೂ ಇಲ್ಲಿ ತಡವರಿಸುವುದಿಲ್ಲ. ಇಂಟರ್‌ವ್ಯೂ ದಿನ ಗೊತ್ತಾದ ಮೇಲೆ ಬರೆಯುವ ಮೇಲ್‌ನಲ್ಲಿ 'ಹಿಯರಿಂಗ್ ಫ್ರಮ್ ಯು' ತೆಗೆದು 'ಮೀಟಿಂಗ್ ಯು ಆನ್ ಮಂಡೇ' ಹಾಕಿಕೊಳ್ಳಿ. ಎರಡನೇ ಸಾಲಿನ 'ಯೂಸ್ಡ್ ಟು' ತೆಗೆಯುವುದನ್ನು ಮಾತ್ರ ಮರೆಯಬೇಡಿ. ಈ ಪತ್ರದಲ್ಲಿ ನಿಮಗೆ ನಿಜವಾಗಿ ನಷ್ಟ ಮಾಡುವ ತಪ್ಪು ಅದೊಂದೇ.